ಓಎಲ್ಇಡಿ ಟಿವಿಯಲ್ಲಿ ಲೋಗೊ ಉಳಿದಿದೆ: ಕಾಯಬೇಕೇ, ರಿಫ್ರೆಶ್ ಮಾಡಬೇಕೇ, ಪ್ಯಾನೆಲ್ ಬದಲಿಸಬೇಕೇ?

ಸುದ್ದಿ ವಾಹಿನಿಯ ಲೋಗೊ ಮೂಲೆಯಲ್ಲಿ ಉಳಿದಂತೆ ಕಂಡರೆ, ಇಡೀ ಪರದೆಗೆ ಬೂದು ಬಣ್ಣ ಹಾಕಿ ಫೋಟೊ ತೆಗೆದಿಡಿ. ಒಂದೆರಡು ಗಂಟೆ ಬೇರೆ ಬೇರೆ ದೃಶ್ಯಗಳನ್ನು ಓಡಿಸಿ ಮತ್ತೆ ಹೋಲಿಸಿ.

ಗುರುತು ಮಸುಕಾಗಿದ್ದರೆ ಅದು ತಾತ್ಕಾಲಿಕ ನೆರಳು; ಕಾದರೆ ಸಾಕು, ಖರ್ಚಿಲ್ಲ.

ಕದಲದಿದ್ದರೆ ಮೆನುವಿನಲ್ಲಿರುವ ಪಿಕ್ಸೆಲ್ ರಿಫ್ರೆಶ್ ನಡೆಸಿ. ಅದು ಪಿಕ್ಸೆಲ್‌ಗಳ ವ್ಯತ್ಯಾಸವನ್ನು ಅಳೆದು ಸರಿಹೊಂದಿಸುತ್ತದೆ. ಇದರ ಕಿರು ರೂಪ ಅನೇಕ ಟಿವಿಗಳಲ್ಲಿ ಸ್ಟ್ಯಾಂಡ್‌ಬೈನಲ್ಲಿದ್ದಾಗ ತಾನಾಗಿ ನಡೆಯುತ್ತದೆ. ದಿನವೂ ಗೋಡೆಯ ಸ್ವಿಚ್ ಆರಿಸುವ ಮನೆಗಳಲ್ಲಿ ಅದಕ್ಕೆ ಅವಕಾಶವೇ ಸಿಗುವುದಿಲ್ಲ; ದಯವಿಟ್ಟು ಆ ಅಭ್ಯಾಸ ಬಿಡಿ. ದೀರ್ಘ ರಿಫ್ರೆಶ್ ಅನ್ನು ಮಾತ್ರ ಪದೇ ಪದೇ ಮಾಡಬೇಡಿ.

ಆಮೇಲೂ ಉಳಿದರೆ ಅದು ಬರ್ನ್-ಇನ್. ಬೆಳಕು ಸೂಸುವ ಸಾವಯವ ಪದರ ಸವೆದಿದೆ, ಮರಳಿ ಬರದು. ಸಿನಿಮಾ ನೋಡುವಾಗ ಕಣ್ಣಿಗೆ ಬೀಳದಿದ್ದರೆ ಹಾಗೆಯೇ ಬಳಸಿ. ಕಂಪ್ಯೂಟರ್ ಪರದೆಯಾಗಿ ಬಳಸುವವರಿಗೆ ಪ್ಯಾನೆಲ್ ಬದಲಾವಣೆ ಬೇಕಾದೀತು. ಅದು ದುಬಾರಿ, ವಾರಂಟಿಯಲ್ಲಿ ಬರ್ನ್-ಇನ್ ಸೇರಿದೆಯೇ ಎಂದು ಮೊದಲು ಓದಿ.