ರಿಪೇರಿಯವನು ಐದನೇ ಆಯ್ಕೆ ಒತ್ತುವ ಬದಲು ಆರನೆಯದು ಒತ್ತಿಬಿಟ್ಟ, ನನ್ನ ಗೇಮ್ ಸೇವ್‌ಗಳೆಲ್ಲ ಹೋದವು

ಪಿಎಸ್4 ಗೇಮ್ ಕನ್ಸೋಲ್ ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ. ನಾನು ಮೋಸ ಹೋಗಿದ್ದೇನೆ, ಹೇಳಿಕೊಳ್ಳಲೂ ನಾಚಿಕೆ.

500 ಜಿಬಿ ಡಿಸ್ಕಿನಲ್ಲಿ 9 ಜಿಬಿ ಮಾತ್ರ ಉಳಿದಿತ್ತು. ಮೆನು ಒಂದೊಂದು ಹೆಜ್ಜೆಗೂ ತಡವರಿಸುತ್ತಿತ್ತು. ಚಿಕ್ಕ ಅಪ್‌ಡೇಟ್ ಕೂಡ ಡೌನ್‌ಲೋಡ್ ಆಗಿ, ಇನ್‌ಸ್ಟಾಲ್ ಆಗುವಾಗ ಜಾಗ ಸಾಲದು ಎನ್ನುತ್ತಿತ್ತು. ಅಪ್‌ಡೇಟ್ ಹಾಕುವಾಗ ಪಿಎಸ್4 ಹಳೇ ಗೇಮ್‌ನ ಫೈಲುಗಳನ್ನೂ ನಕಲು ಮಾಡಿಕೊಳ್ಳುತ್ತದೆ. ಹಾಗಾಗಿ ಅಪ್‌ಡೇಟ್ ಎಷ್ಟೇ ಚಿಕ್ಕದಿರಲಿ, ಹೆಚ್ಚುಕಮ್ಮಿ ಆ ಗೇಮಿನಷ್ಟೇ ಜಾಗ ಖಾಲಿ ಇರಬೇಕು. ಇದು ಆಗ ನನಗೆ ಗೊತ್ತಿರಲಿಲ್ಲ.

ರಿಪೇರಿಯವನು, "ಡೇಟಾಬೇಸ್ ಹಾಳಾಗಿದೆ, ರೀಬಿಲ್ಡ್ ಮಾಡಿಕೊಡ್ತೀನಿ" ಅಂದ. ಸೇವ್ ಹೋಗುತ್ತಾ ಅಂತ ಎರಡು ಸಲ ಕೇಳಿದೆ. "ಏನೂ ಆಗಲ್ಲ ಸರ್" ಅಂದ.

ಮನೆಗೆ ತಂದು ಆನ್ ಮಾಡಿದರೆ ಪರದೆ ಮೇಲೆ ಭಾಷೆ ಆರಿಸಿ ಅಂತ ಬಂತು. ಹೊಸ ಕನ್ಸೋಲ್ ಕೇಳುವ ಹಾಗೆ! ಎದೆ ಧಸಕ್ ಅಂತು. ಯೂಸರ್ ಇಲ್ಲ, ಗೇಮ್ ಇಲ್ಲ, ಎರಡು ವರ್ಷದ ಸೇವ್ ಇಲ್ಲ. ಫೋನ್ ಮಾಡಿದರೆ, "ಗೇಮ್ ಮತ್ತೆ ಡೌನ್‌ಲೋಡ್ ಮಾಡ್ಕೊಳ್ಳಿ, ನಿಮ್ಮ ಟ್ರೋಫಿ ಹಾಗೇ ಇದೆಯಲ್ವಾ?" ಟ್ರೋಫಿ ಸರ್ವರ್‌ನಲ್ಲಿರುತ್ತೆ ಮಾರಾಯ, ನನ್ನ ಸೇವ್ ಇದ್ದದ್ದು ಡಿಸ್ಕಿನಲ್ಲಿ! ಮತ್ತೆ ಮಾಡಿದರೆ, "ರೀಬಿಲ್ಡ್ ಅಂದ್ರೆ ಹಾಗೇ ಸರ್." ಹಾಗೇ ಅಂತೆ!

ಅವನ ಮಾತು ಸುಳ್ಳು ಅಂತ ಗೊತ್ತಾಗಿದ್ದು ಗೆಳೆಯನ ಪಿಎಸ್4 ಅದೇ ಥರ ನಿಧಾನವಾದಾಗ. ಮೊದಲು ಅವನ ಸೇವ್‌ಗಳನ್ನು ಸೆಟ್ಟಿಂಗ್ಸ್‌ನಿಂದ ಪೆನ್‌ಡ್ರೈವ್‌ಗೆ ನಕಲು ಮಾಡಿದೆವು. ಆಡದ ಒಂದು ದೊಡ್ಡ ಗೇಮ್ ಅಳಿಸಿದೆವು. ಕನ್ಸೋಲ್ ಪೂರ್ತಿ ಆಫ್ ಮಾಡಿ ಪವರ್ ಬಟನ್ ಒತ್ತಿ ಹಿಡಿದೆ. ಒಂದು ಬೀಪ್, ಸುಮಾರು ಏಳು ಸೆಕೆಂಡ್ ಆದ ಮೇಲೆ ಇನ್ನೊಂದು ಬೀಪ್, ಆಮೇಲೆ ಬಿಟ್ಟೆ. ಸೇಫ್ ಮೋಡ್ ಬಂತು. ಕಂಟ್ರೋಲರನ್ನು ಕೇಬಲ್‌ನಿಂದಲೇ ಜೋಡಿಸಬೇಕು. ಬರೀ ಚಾರ್ಜ್ ಆಗುವ ಕೇಬಲ್ ನಡೆಯಲ್ಲ, ಅದರಲ್ಲೇ ಅರ್ಧ ಗಂಟೆ ಹಾಳಾಯಿತು.

ಮೆನುವಿನಲ್ಲಿ 5 ಅಂದರೆ Rebuild Database. ಅದರ ಕೆಳಗೇ 6, Initialize PS4. ಐದನೆಯದು ಡಿಸ್ಕಿನಲ್ಲಿ ಏನೇನಿದೆ ಅಂತ ನೋಡಿ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ, ಅಷ್ಟೇ. ಆರನೆಯದು ಎಲ್ಲ ಅಳಿಸುತ್ತದೆ. ಇಪ್ಪತ್ತು ನಿಮಿಷದಲ್ಲಿ ಗೆಳೆಯನದು ಮುಗಿಯಿತು. ಮೆನು ಸಲೀಸು, ಅಪ್‌ಡೇಟ್ ಕೂತಿತು, ಸೇವ್ ಒಂದೂ ಹೋಗಲಿಲ್ಲ. ಅವನು ಖುಷಿಯಲ್ಲಿ ಆಡುತ್ತಿದ್ದ, ನಾನು ಪಕ್ಕದಲ್ಲಿ ಹಲ್ಲು ಕಡಿಯುತ್ತಾ ಕೂತಿದ್ದೆ.

ರೀಬಿಲ್ಡ್ ನಡೆಯುವಾಗ ಪ್ಲಗ್ ಮುಟ್ಟಬೇಡಿ. ಡಿಸ್ಕ್ ತುಂಬಿದ್ದರೆ ಗಂಟೆಗಟ್ಟಲೆ ಹಿಡಿಯಬಹುದು. ರೀಬಿಲ್ಡ್ ಆದಮೇಲೂ ಡೇಟಾಬೇಸ್ ಮತ್ತೆ ಮತ್ತೆ ಕೆಟ್ಟರೆ, ಡಿಸ್ಕಿನಿಂದ ಟಕ್ ಟಕ್ ಸದ್ದು ಬಂದರೆ, ಆಗ ಡಿಸ್ಕೇ ಹೋಗುತ್ತಿದೆ ಅಂತ ಅನುಮಾನ ಪಡಿ. ಬೇರೆಯವರ ಕೈಗೆ ಕೊಡಲೇಬೇಕಾದರೆ ಸೇವ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಯೇ ಕೊಡಿ, ಪಕ್ಕದಲ್ಲಿ ನಿಂತು ಎಷ್ಟನೇ ನಂಬರ್ ಒತ್ತುತ್ತಾನೆ ಅಂತ ನೋಡಿ.