ನಾಲ್ಕು ಸೆಕೆಂಡಿನ ಚಾರ್ಟಿನಿಂದ ಅಂಕಿ: ವೆಬ್‌ಪ್ಲಾಟ್‌ಡಿಜಿಟೈಜರ್, ಎಂಗೇಜ್, ಗಿಂಪ್

ಸಭೆಯ ವಿಡಿಯೊದಲ್ಲಿ ನಾಲ್ಕೈದು ಸೆಕೆಂಡು ಕಾಣಿಸಿ ಹೋಗುವ ಚಾರ್ಟಿನಿಂದ ಅಂಕಿ ತೆಗೆಯಬೇಕೆಂದರೆ ನನ್ನ ಓಟು ವೆಬ್‌ಪ್ಲಾಟ್‌ಡಿಜಿಟೈಜರ್‌ಗೆ. ಅದೂ ಅದರ ಆಟೊ ಸೌಲಭ್ಯಕ್ಕಲ್ಲ, ಕೈಯಿಂದ ಒಂದೊಂದೇ ಬಿಂದು ಒತ್ತುವ ಕ್ರಮಕ್ಕೆ. ಎಂಗೇಜ್ ಡಿಜಿಟೈಜರ್ ಮತ್ತು ಗಿಂಪ್ ಎರಡನ್ನೂ ಅವೇ ಚಾರ್ಟುಗಳ ಮೇಲೆ ಓಡಿಸಿ ನೋಡಿದ ಮೇಲೆ ಈ ಮಾತು. ಈ ಕೆಲಸಕ್ಕೆ ಮೂರರಲ್ಲಿ ಯಾವುದಕ್ಕೂ ರೊಕ್ಕ ಕೊಡಬೇಕಿಲ್ಲ. ಹಾಗಾಗಿ ನೋಡಬೇಕಾದದ್ದು ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ಮೋಸ ಹೋಗುತ್ತೇವೆ ಎಂಬುದನ್ನಷ್ಟೆ.

ಹೋಲಿಕೆಗೆ ಎರಡು ಬಗೆಯ ಚಾರ್ಟು ಇಟ್ಟುಕೊಂಡೆ, ಎರಡೂ ನಮ್ಮ ಕಡೆ ಸ್ಲೈಡುಗಳಲ್ಲಿ ಪದೇ ಪದೇ ಬರುವಂಥವು. ಒಂದು, ಮಳೆಗಾಲದಲ್ಲಿ ಆಲಮಟ್ಟಿ ಜಲಾಶಯದ ಮಟ್ಟ ಏರುವ ಗೆರೆ ಚಾರ್ಟು. ಇನ್ನೊಂದು, ಸಕ್ಕರೆ ಕಾರ್ಖಾನೆಗಳ ಇಳುವರಿ ಶೇಕಡಾವಾರು ತೋರಿಸುವ ಬಾರ್ ಚಾರ್ಟು.

ಸಾಫ್ಟ್‌ವೇರ್‌ಗಿಂತ ಮೊದಲು ಫ್ರೇಮು. ಇದು ಕೆಟ್ಟರೆ ಮೂರೂ ಒಂದೇ. ಮೊಬೈಲಿನಲ್ಲಿ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ಹೊಡೆಯುವುದು ಬೇಡ. ಡೇಟಾ ಉಳಿಸಲು ಆ ಹೊತ್ತಿಗೆ ವಿಡಿಯೊ 360ಪಿಗೆ ಇಳಿದಿರುತ್ತದೆ, ಚಿತ್ರ ತೆರೆಯ ಅಳತೆಗೆ ಹಿಗ್ಗಿರುತ್ತದೆ. ಎರಡು ತಾಸಿನ ವಿಡಿಯೊ ಪೂರ್ತಿ ಇಳಿಸಿಕೊಳ್ಳುವುದೂ ಬೇಡ. ಚಾರ್ಟು ಬರುವ ಇಪ್ಪತ್ತು ಸೆಕೆಂಡು ಮಾತ್ರ ತಂದು, ಅದರ ಎಲ್ಲ ಫ್ರೇಮುಗಳನ್ನೂ ಬಿಡಿಸಿಕೊಂಡರೆ ಸಾಕು:

```
yt-dlp -f "bv[ext=mp4][height<=1080]" --download-sections "*14:25-14:45" -o sabhe.mp4 URL
ffmpeg -i sabhe.mp4 c_%04d.png
ffmpeg -i sabhe.mp4 -vf extractplanes=y y_%04d.png
```

ಸೆಕೆಂಡಿಗೆ 25 ಫ್ರೇಮಿನಂತೆ 500 ಬಣ್ಣದ ಚಿತ್ರ, 500 ಕಪ್ಪುಬಿಳುಪಿನ ಚಿತ್ರ ಸಿಗುತ್ತವೆ. ಕಪ್ಪುಬಿಳುಪು ಯಾಕೆಂಬುದು ಮುಂದೆ ಬರುತ್ತದೆ. ಇಷ್ಟರಲ್ಲಿ ಯಾವುದನ್ನು ಆರಿಸುವುದು? ಸ್ಲೈಡು ಬದಲಾದ ಕೂಡಲೇ ಬರುವ ಫ್ರೇಮು ಮಸುಕಾಗಿರುತ್ತದೆ. ಚಿತ್ರ ಅಲುಗಾಡದೆ ನಿಂತಂತೆ ವಿಡಿಯೊದ ಎನ್‌ಕೋಡರ್ ಒಂದೊಂದೇ ಫ್ರೇಮಿಗೆ ವಿವರ ಸೇರಿಸುತ್ತ ಹೋಗುತ್ತದೆ. ಜೊತೆಗೆ ಬಾರುಗಳು ಕೆಳಗಿನಿಂದ ಬೆಳೆಯುವ, ಗೆರೆ ಎಡದಿಂದ ಬಲಕ್ಕೆ ಹರಿಯುವ ಅನಿಮೇಶನ್ ಬೇರೆ. ಬೆಳೆಯುತ್ತಿರುವ ಬಾರ್ ಅಳೆದರೆ ಅಂಕಿ ಕಡಿಮೆ ಬರುತ್ತದೆ, ನೋಡಿದರೆ ಸಂಶಯವೂ ಬರುವುದಿಲ್ಲ. ಅದಕ್ಕೇ ಸ್ಲೈಡು ಹೋಗುವ ಐದಾರು ಫ್ರೇಮು ಮೊದಲಿನದನ್ನು ಹಿಡಿಯಬೇಕು. ಅದಕ್ಕಿಂತ ಇಪ್ಪತ್ತು ಫ್ರೇಮು ಹಿಂದಿನದನ್ನೂ ತೆರೆದು ಒಂದೇ ಬಾರಿನ ತುದಿ ನೋಡಿ. ಎರಡರಲ್ಲೂ ಅದೇ ಪಿಕ್ಸೆಲ್ ಸಾಲಿನಲ್ಲಿದ್ದರೆ ಬೆಳವಣಿಗೆ ಮುಗಿದಿದೆ.

ಇನ್ನು ಎಂಗೇಜ್. ಇಂಟರ್ನೆಟ್ ಇಲ್ಲದೆ ಓಡುತ್ತದೆ, ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ. ಅಕ್ಷಗಳ ಮೇಲೆ ಮೂರು ಬಿಂದು ಕೊಟ್ಟು `Segment Fill` ಒತ್ತಿದರೆ ಗೆರೆಯ ತುಂಡುಗಳನ್ನು ತಾನೇ ಹಿಡಿದು ಬಿಂದು ತುಂಬುತ್ತದೆ. ಮುದ್ರಿತ ಪುಸ್ತಕದಿಂದ ಸ್ಕ್ಯಾನ್ ಮಾಡಿದ ಒಂಟಿ ಗೆರೆಗೆ ಇದನ್ನು ಮೀರಿಸುವುದು ಕಷ್ಟ. ಆದರೆ ವಿಡಿಯೊದ ಚಾರ್ಟಿನಲ್ಲಿ ಗೆರೆ ಗುರುತು ಬಿಂದುಗಳಲ್ಲಿ, ಗ್ರಿಡ್ ಗೆರೆ ದಾಟುವಲ್ಲಿ, ಅಂಕಿ ಬರೆದಲ್ಲಿ ತುಂಡಾಗುತ್ತದೆ. ಆಮೇಲೆ ನೀವು ಒಂದೊಂದೇ ತುಂಡು ಜೋಡಿಸುತ್ತ ಕೂರಬೇಕು. ಗ್ರಿಡ್ ಅಳಿಸುವ ಸೌಲಭ್ಯ ಹಾಕಿದರೆ ಗ್ರಿಡ್ ಮೇಲೆ ಮಲಗಿದ ಗೆರೆಯ ಭಾಗವೂ ಅದರ ಜೊತೆ ಹೋಗುತ್ತದೆ.

ಆಲಮಟ್ಟಿ ಚಾರ್ಟಿನಲ್ಲಿ ಹಾಗೆ ಮಲಗುವ ಭಾಗವೇ ನಮಗೆ ಬೇಕಾದದ್ದು. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ತುಂಬಿದ ಮೇಲೆ ಗೆರೆ ವಾರಗಟ್ಟಲೆ ಅಲ್ಲೇ ಹೊರಳಾಡುತ್ತದೆ. ಸ್ಲೈಡು ಮಾಡಿದವರು ಪೂರ್ಣ ಮಟ್ಟಕ್ಕೊಂದು ಕೆಂಪು ತುಂಡುಗೆರೆಯನ್ನೂ ಎಳೆದಿರುತ್ತಾರೆ, 520ರ ಗ್ರಿಡ್ ಗೆರೆಯೂ ಮೇಲೆಯೇ ಇರುತ್ತದೆ. ಮೂರು ಗೆರೆ ಬೆರಳಗಲದಲ್ಲಿ ಸೇರಿದ ಜಾಗದಲ್ಲಿ ಯಾವ ಆಟೊ ಸಾಧನವೂ ಒಂದು ಗೆರೆ ಬಿಟ್ಟು ಇನ್ನೊಂದಕ್ಕೆ ಹಾರದೆ ಇರುವುದಿಲ್ಲ.

ವೆಬ್‌ಪ್ಲಾಟ್‌ಡಿಜಿಟೈಜರ್‌ನ ಆಟೊ ಕೂಡ ಇಲ್ಲೇ ಸಿಕ್ಕಿಬೀಳುತ್ತದೆ. ಕಾರಣ ತಿಳಿದರೆ ಪರಿಹಾರ ತಾನಾಗಿ ಹೊಳೆಯುತ್ತದೆ, ಆದ್ದರಿಂದ ತಟಗು ನಿಂತು ನೋಡೋಣ. ಸಾಮಾನ್ಯವಾಗಿ ವಿಡಿಯೊ ಬಣ್ಣವನ್ನು ಪೂರ್ತಿ ಉಳಿಸಿಕೊಳ್ಳುವುದಿಲ್ಲ. 4:2:0 ಎಂಬ ಕ್ರಮದಲ್ಲಿ ಬೆಳಕಿನ ಅಂಶ 1920×1080 ಇದ್ದರೆ ಬಣ್ಣದ ಅಂಶ 960×540 ಮಾತ್ರ. ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಎರಡು ಪಿಕ್ಸೆಲ್ ದಪ್ಪದ ನೀಲಿ ಗೆರೆಯ ನೀಲಿ ಅಕ್ಕಪಕ್ಕಕ್ಕೆ ಸೋರುತ್ತದೆ, ಹತ್ತಿರದ ಕೆಂಪು ತುಂಡುಗೆರೆಯ ಜೊತೆ ಬೆರೆತು ನೇರಳೆಯಾಗುತ್ತದೆ. ಆಟೊ ಕ್ರಮ ನಡೆಯುವುದೇ ಬಣ್ಣದ ಮೇಲೆ. ನೀವು ಗೆರೆಯ ಬಣ್ಣ ತೋರಿಸುತ್ತೀರಿ, ಅದಕ್ಕೆ ಹತ್ತಿರದ ಬಣ್ಣದ ಪಿಕ್ಸೆಲ್‌ಗಳನ್ನೆಲ್ಲ ಅದು ಎತ್ತಿಕೊಳ್ಳುತ್ತದೆ. `Averaging Window` ಆರಿಸಿದ್ದರೆ ಹತ್ತು ಪಿಕ್ಸೆಲ್ ಕಿಟಕಿಯೊಳಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಸರಾಸರಿ ಕೊಡುತ್ತದೆ.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ. ಚಾರ್ಟಿನಲ್ಲಿ 520 ಮೀಟರ್ ಇರುವುದು 180ನೇ ಪಿಕ್ಸೆಲ್ ಸಾಲಿನಲ್ಲಿ, 505 ಮೀಟರ್ ಇರುವುದು 780ನೇ ಸಾಲಿನಲ್ಲಿ. 600 ಪಿಕ್ಸೆಲ್‌ಗೆ 15 ಮೀಟರ್, ಅಂದರೆ ಒಂದು ಪಿಕ್ಸೆಲ್‌ಗೆ 2.5 ಸೆಂ.ಮೀ. ನಿಜವಾದ ಗೆರೆ ತುಂಡುಗೆರೆಗಿಂತ ಎಂಟು ಪಿಕ್ಸೆಲ್ ಕೆಳಗಿದ್ದರೆ ಮಟ್ಟ 20 ಸೆಂ.ಮೀ. ಕಡಿಮೆ, 519.40. ಆಟೊ ಎರಡನ್ನೂ ಸೇರಿಸಿ ನಡುವಿನದನ್ನು ಕೊಟ್ಟರೆ 519.50. ಅದೂ ತುಂಡುಗೆರೆಯ ತುಂಡು ಇದ್ದಲ್ಲಿ 519.50, ಖಾಲಿ ಜಾಗದಲ್ಲಿ 519.40. ಹೊರಬಂದ ಅಂಕಿಗಳನ್ನು ಮತ್ತೆ ಗೆರೆಯಾಗಿ ಎಳೆದಾಗ ಸಣ್ಣ ಮೆಟ್ಟಿಲುಗಳು ಒಂದೇ ಅಂತರದಲ್ಲಿ ಮತ್ತೆ ಮತ್ತೆ ಕಂಡರೆ ಈ ರೋಗ ಎಂದು ತಿಳಿಯಿರಿ. ಜಲಾಶಯದ ಮಟ್ಟ ಹಾಗೆ ತಾಳ ಹಾಕಿಕೊಂಡು ಏರಿಳಿಯುವುದಿಲ್ಲ.

ಪರಿಹಾರ ಆ ಕಪ್ಪುಬಿಳುಪು ಫ್ರೇಮಿನಲ್ಲಿದೆ. `extractplanes=y` ಬೆಳಕಿನ ಅಂಶವನ್ನು ಮಾತ್ರ ತೆಗೆಯುತ್ತದೆ. ಅದರಲ್ಲಿ 1080 ಸಾಲೂ ಇವೆ, ಬಣ್ಣದ ಸೋರಿಕೆ ಇಲ್ಲ, ಗೆರೆಯ ಅಂಚು ಚೊಕ್ಕ. ಅದನ್ನು ವೆಬ್‌ಪ್ಲಾಟ್‌ಡಿಜಿಟೈಜರ್‌ಗೆ ಹಾಕಿ, `2D (X-Y) Plot` ಆರಿಸಿ, X ಅಕ್ಷದಲ್ಲಿ ಎರಡು, Y ಅಕ್ಷದಲ್ಲಿ ಎರಡು ಬಿಂದು ಒತ್ತಿ ಬೆಲೆ ತುಂಬಿ. Y ಬಿಂದುಗಳು ಒಂದಕ್ಕೊಂದು ಎಷ್ಟು ದೂರವೋ ಅಷ್ಟು ಒಳ್ಳೆಯದು. 515 ಮತ್ತು 520 ಒತ್ತಿದಾಗಿನ ಒಂದು ಪಿಕ್ಸೆಲ್ ತಪ್ಪು 505ರ ಹತ್ತಿರ ಬರುವಷ್ಟರಲ್ಲಿ ಎರಡು ಮೂರು ಪಿಕ್ಸೆಲ್ ಆಗುತ್ತದೆ. ಆಮೇಲೆ ಗೆರೆಯ ನಡುಮಧ್ಯಕ್ಕೆ ಒತ್ತುತ್ತ ಹೋಗಿ. ಒತ್ತಿದ ಬಿಂದು ಸರಿಯಿಲ್ಲದಿದ್ದರೆ ಕೀಬೋರ್ಡಿನ ಬಾಣದ ಗುಂಡಿಯಿಂದ ಸರಿಸಬಹುದು, ದೊಡ್ಡದಾಗಿ ತೋರಿಸುವ ಪುಟ್ಟ ಕಿಟಕಿ ಪಕ್ಕದಲ್ಲೇ ಇದೆ. ಈ ಎರಡು ಅನುಕೂಲಕ್ಕೇ ಅದಕ್ಕೆ ನನ್ನ ಓಟು.

ಮೊದಲು ಒತ್ತಬೇಕಾದದ್ದು ಪೂರ್ಣ ಮಟ್ಟದ ತುಂಡುಗೆರೆಯನ್ನು. ಅದರ ಬೆಲೆ ನಮಗೆ ಗೊತ್ತು, ಹಾಗಾಗಿ ಅದೇ ನಮ್ಮ ತಕ್ಕಡಿಯ ಬಟ್ಟು. ಮೇಲಿನ ಲೆಕ್ಕದಲ್ಲಿ ಅದು 196ನೇ ಸಾಲಿನಲ್ಲಿ ಸಿಗಬೇಕು. ಓದಿದಾಗ 519.60 ಬಂದರೆ ಬರೋಬ್ಬರಿ. 519.52 ಬಂದರೆ ಮೂರು ಪಿಕ್ಸೆಲ್ ಜಾರಿದೆ, ಅಕ್ಷ ಮತ್ತೆ ಹೊಂದಿಸಿ.

ಕಪ್ಪುಬಿಳುಪಿಗೂ ಒಂದು ಮಿತಿ ಇದೆ. ಆಫೀಸಿನ ಹಳೆಯ ಡೀಫಾಲ್ಟ್ ಬಣ್ಣಗಳಲ್ಲಿ ಕಿತ್ತಳೆ ಮತ್ತು ಬೂದು ಬಣ್ಣಗಳ ಬೆಳಕು ಹತ್ತಿರ ಹತ್ತಿರ. ಅವೆರಡು ಗೆರೆ ಒಂದನ್ನೊಂದು ದಾಟಿದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಬಣ್ಣದ ಫ್ರೇಮನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

X ಅಕ್ಷದಲ್ಲೊಂದು ಬಲೆ ಇದೆ. ತಿಂಗಳ ಹೆಸರು ಬರೆದ ಎಕ್ಸೆಲ್ ಗೆರೆ ಚಾರ್ಟಿನಲ್ಲಿ ಬಿಂದು ಕೂರುವುದು ಎರಡು ಗೀಟುಗಳ ನಡುವೆ, ಗೀಟಿನ ಮೇಲಲ್ಲ. ಗೀಟನ್ನೇ ಜೂನ್ ಎಂದುಕೊಂಡರೆ ಎಲ್ಲವೂ ಅರ್ಧ ತಿಂಗಳು ಸರಿಯುತ್ತದೆ. ಹೆಸರಿನ ಅಕ್ಷರಗಳ ನಡುಭಾಗಕ್ಕೆ ಹೊಂದಿಸಿ.

ಬಾರ್ ಚಾರ್ಟಿಗೆ ಬಂದರೆ ಗಿಂಪ್ ಹಿಂದೆ ಬೀಳುವುದಿಲ್ಲ. ಹತ್ತು ಹನ್ನೆರಡು ಬಾರಿಗೆ ಬೇಕಾದದ್ದು ಪ್ರತಿ ತುದಿಯ ಸಾಲು ಸಂಖ್ಯೆ. ಕರ್ಸರ್ ಇಟ್ಟರೆ ಗಿಂಪ್ ಕೆಳಗಡೆ ಅದನ್ನು ತೋರಿಸುತ್ತದೆ, ಉಳಿದದ್ದನ್ನು ಕ್ಯಾಲ್ಕ್ ಹಾಳೆ ನೋಡಿಕೊಳ್ಳುತ್ತದೆ. ಇಳುವರಿ ಚಾರ್ಟಿನ ಅಕ್ಷ ಸೊನ್ನೆಯಿಂದ ಶುರುವಾಗುವುದು ಅಪರೂಪ. ಬಾರುಗಳ ನಡುವಿನ ವ್ಯತ್ಯಾಸ ದೊಡ್ಡದಾಗಿ ಕಾಣಲೆಂದು 8ರಿಂದ ಶುರು ಮಾಡಿರುತ್ತಾರೆ. 8 ಇರುವುದು 860ನೇ ಸಾಲಿನಲ್ಲಿ, 12 ಇರುವುದು 300ರಲ್ಲಿ, ಬಾರಿನ ತುದಿ 454ರಲ್ಲಿ ಎಂದಾದರೆ:

```
=8+(860-454)*(12-8)/(860-300)
```

ಉತ್ತರ 10.9. ಬಾರಿನ ತುದಿ ಒಂದೇ ಸಾಲಿನಲ್ಲಿ ಕಡಿದಂತೆ ಮುಗಿಯುವುದಿಲ್ಲ, ಎರಡು ಮೂರು ಸಾಲಿನಲ್ಲಿ ಕರಗುತ್ತದೆ. ಬಾರಿನ ಬೆಳಕಿಗೂ ಹಿನ್ನೆಲೆಯ ಬೆಳಕಿಗೂ ನಡುವಿನ ಅರ್ಧ ಎಲ್ಲಿ ಬರುತ್ತದೋ ಅದೇ ತುದಿ. ಎಲ್ಲ ಬಾರಿಗೂ ಇದೇ ನಿಯಮ ಇರಲಿ. ಗಿಂಪ್‌ನ `Pointer` ಪಟ್ಟಿಯಲ್ಲಿ ಪಿಕ್ಸೆಲ್‌ನ ಬೆಲೆಯೇ ಕಾಣುವುದರಿಂದ ಈ ಒಂದು ವಿಷಯದಲ್ಲಿ ಅದು ವೆಬ್‌ಪ್ಲಾಟ್‌ಡಿಜಿಟೈಜರ್‌ಗಿಂತ ಮೇಲು.

ಅಕ್ಷದಲ್ಲಿ 0, 3, 5, 8, 10 ಎಂದಿದ್ದು ಗ್ರಿಡ್ ಅಂತರ ಸಮವಾಗಿದ್ದರೆ ಅಲ್ಲಿರುವುದು 2.5 ಮತ್ತು 7.5, ದಶಾಂಶ ಮುಚ್ಚಿದ್ದಾರೆ ಅಷ್ಟೆ. 0 ಮತ್ತು 10ಕ್ಕೇ ಹೊಂದಿಸಿ. ಮೂರು ಆಯಾಮದ ಬಾರುಗಳನ್ನು ಅಳೆಯುವ ಗೊಡವೆಗೆ ಹೋಗಬೇಡಿ, ಬಾರು ಮುಂದೆ ನಿಂತಿರುತ್ತದೆ, ಗ್ರಿಡ್ ಹಿಂದಿನ ಗೋಡೆಯ ಮೇಲಿರುತ್ತದೆ. ಪರದೆಯನ್ನು ಕ್ಯಾಮೆರಾದಿಂದ ಓರೆಯಾಗಿ ಹಿಡಿದ ವಿಡಿಯೊ ಆದರೆ ಮೊದಲು ಗಿಂಪ್‌ನ ಪರ್ಸ್‌ಪೆಕ್ಟಿವ್ ಉಪಕರಣದಿಂದ ಸ್ಲೈಡಿನ ನಾಲ್ಕು ಮೂಲೆ ನೇರ ಮಾಡಿಕೊಳ್ಳಬೇಕು. ಅಕ್ಷ ಹೊಂದಿಸುವುದು ತಿರುಗಿದ ಚಾರ್ಟನ್ನು ಸರಿಪಡಿಸುತ್ತದೆ, ಒಂದು ಬದಿ ಕಿರಿದಾದ ಚಾರ್ಟನ್ನಲ್ಲ.

ನನ್ನ ಅಭ್ಯಾಸಕ್ಕೆ ಹೊಂದಿದ ಏರ್ಪಾಟು ಇದು: ಹದಿನೈದಕ್ಕಿಂತ ಕಡಿಮೆ ಬಾರಿದ್ದರೆ ಗಿಂಪ್ ಮತ್ತು ಕ್ಯಾಲ್ಕ್, ಉಳಿದ ಎಲ್ಲಕ್ಕೂ ವೆಬ್‌ಪ್ಲಾಟ್‌ಡಿಜಿಟೈಜರ್. ಅರವತ್ತು ಬಿಂದು ಕೈಯಿಂದ ಒತ್ತಲು ಹತ್ತು ನಿಮಿಷ ಸಾಕು. ಆಟೊ ಕೊಟ್ಟದ್ದನ್ನು ತಿದ್ದಲು ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಎಂಗೇಜ್ ಸ್ಕ್ಯಾನ್ ಮಾಡಿದ ಕಾಗದಕ್ಕಿರಲಿ. ಅಂಕಿ ಬರೆದಿಡುವಾಗ ಪಕ್ಕದಲ್ಲಿ ಒಂದು ಪಿಕ್ಸೆಲ್‌ನ ಬೆಲೆಯನ್ನೂ ಬರೆಯಿರಿ. ಅದೇ ಆಲಮಟ್ಟಿ ಚಾರ್ಟು 360ಪಿ ವಿಡಿಯೊದಲ್ಲಿ ಸಿಕ್ಕಿದ್ದರೆ ಪಿಕ್ಸೆಲ್‌ಗೆ 7.5 ಸೆಂ.ಮೀ. ಆಗುತ್ತದೆ, ಆಗ 518.63 ಎಂದು ಬರೆಯುವ ಬದಲು 518.6 ಎಂದು ನಿಲ್ಲಿಸಬೇಕು.