52 ವಾರದ ನರ್ಸರಿ ಕ್ಯಾಲೆಂಡರ್: ಎರಡು ವರ್ಷ ಬಳಸಿದ ಮೇಲೆ (5ಕ್ಕೆ 3)

ದಾವಣಗೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಪ್ಪತ್ತೆರಡು ಮಕ್ಕಳ ಪುಟ್ಟ ನರ್ಸರಿ ನಡೆಸುತ್ತೇನೆ. ಅರ್ಧ ಮಕ್ಕಳ ಮನೆಯವರದು ಭದ್ರಾ ನಾಲೆ ನೀರಿನ ಗದ್ದೆ, ಇನ್ನರ್ಧದವರದು ಮಳೆ ನಂಬಿದ ಮೆಕ್ಕೆಜೋಳದ ಹೊಲ. ಋತು, ಬೇಸಾಯ, ಹಬ್ಬ ಮೂರನ್ನೂ ಸೇರಿಸಿ ವಾರಕ್ಕೊಂದು ವಿಷಯ ಕೊಡುವ ಕ್ಯಾಲೆಂಡರ್ ಅಂತ ಕೇಳಿ 2024ರ ಮೇನಲ್ಲಿ ತರಿಸಿದೆ. ಆಮೇಲೆ ಪ್ರತಿ ವರ್ಷ ಹೊಸದನ್ನೂ ಕೊಂಡಿದ್ದೇನೆ. ಹಾಳೆ ದಪ್ಪ, ಚಿತ್ರ ಚೆಂದ, ಹಿಂಬದಿಯಲ್ಲಿ ಐದು ದಿನದ ಚಟುವಟಿಕೆ. ಅದರ ಬಗ್ಗೆ ದೂರಿಲ್ಲ. ದೂರಿರುವುದು ತಾರೀಕಿನ ಬಗ್ಗೆ.

ಮೊದಲ ವರ್ಷ ಎಲ್ಲ ಸರಿಯಾಗಿಯೇ ಇತ್ತು. ಜುಲೈ ಮೊದಲ ವಾರಕ್ಕೆ 'ಎತ್ತು ಮತ್ತು ಮಣ್ಣು' ಅಂತ ಹಾಕಿದ್ದರು. ಮಣ್ಣೆತ್ತಿನ ಅಮಾವಾಸ್ಯೆ ಆ ವರ್ಷ ಜುಲೈ 5ಕ್ಕೆ ಬಿತ್ತು. ಮಕ್ಕಳು ಶಾಲೆಯಲ್ಲಿ ಎತ್ತು ಮಾಡಿ, ಮನೆಗೆ ಒಯ್ದು, ಪೂಜೆಗೇ ಇಟ್ಟರು. ಭಾರಿ ಖುಷಿಪಟ್ಟೆ. 2025ರ ಕ್ಯಾಲೆಂಡರಿನಲ್ಲೂ ಅದೇ ಹಾಳೆ, ಅದೇ ಜುಲೈ ಮೊದಲ ವಾರ. ಆದರೆ ಅಮಾವಾಸ್ಯೆ ಜೂನ್ 25ಕ್ಕೇ ಮುಗಿದಿತ್ತು. ನಾನು ಮಣ್ಣು ಕಲಸಿಕೊಂಡು ಕೂತರೆ ಒಬ್ಬ ಹುಡುಗ, "ಮಿಸ್, ನಮ್ಮೆತ್ತು ಆಗ್ಲೇ ಬಾವಿಗೆ ಬಿಟ್ಟು ಬಂದ್ವಿ" ಅಂದ. ತಪ್ಪು ನನ್ನದೂ ಹೌದು, ಗೋಡೆ ಮೇಲಿದ್ದ ಪಂಚಾಂಗ ನೋಡಬೇಕಿತ್ತು.

ಈ ವರ್ಷ ಅವರು ತಿದ್ದಿದ್ದಾರೆ, ತಿದ್ದಿ ಇನ್ನೂ ಕೆಡಿಸಿದ್ದಾರೆ. 2026ರ ಕ್ಯಾಲೆಂಡರಿನಲ್ಲಿ ಮಣ್ಣೆತ್ತು ಜೂನ್ 15ರ ವಾರಕ್ಕಿದೆ. ಜ್ಯೇಷ್ಠದ ಅಮಾವಾಸ್ಯೆ ಅಂತ ನೋಡಿ ಹಾಕಿರಬೇಕು, ಆದರೆ ಅದು ಅಧಿಕ ಜ್ಯೇಷ್ಠದ ಅಮಾವಾಸ್ಯೆ. ಹಬ್ಬ ಮಾಡುವುದು ನಿಜ ಜ್ಯೇಷ್ಠದಲ್ಲಿ, ಅಂದರೆ ಜುಲೈ 14ಕ್ಕೆ. ಚಂದ್ರನ ಹನ್ನೆರಡು ತಿಂಗಳು ಸುಮಾರು 354 ದಿನಕ್ಕೇ ಮುಗಿಯುವುದರಿಂದ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತವೆ. ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದಾಗ ಹತ್ತೊಂಬತ್ತು ದಿನದಷ್ಟು ಮುಂದಕ್ಕೆ ಹಾರುತ್ತವೆ. ಜೂನ್ 25 ಇದ್ದದ್ದು ಜುಲೈ 14 ಆಗಿದ್ದು ಹಾಗೆ. ಇದು ನಮ್ಮೂರಿನ ಯಾವ ಅಜ್ಜಿಗೂ ಗೊತ್ತು.

ಮಳೆ ನಕ್ಷತ್ರದ ಲೆಕ್ಕವೇ ಬೇರೆ. ಅದು ಸೂರ್ಯನದು. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ಕ್ಕೆ, ಆರಿದ್ರಾ 22ಕ್ಕೆ, ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ದಿನ ಹುಟ್ಟುತ್ತವೆ. ಹಬ್ಬದ ಹಾಳೆ ಓಡಾಡಬೇಕು, ಮಳೆಯ ಹಾಳೆ ನಿಂತಲ್ಲೇ ನಿಲ್ಲಬೇಕು. ಬಿತ್ತನೆಯದು ಎರಡೂ ಅಲ್ಲ. 'ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ' ಅಂತ ಗಾದೆ ಇದ್ದರೂ ಹದ ಮಳೆ ಬೀಳದೆ ಯಾರೂ ಬೀಜ ಹಾಕುವುದಿಲ್ಲ. ಮೂರನ್ನೂ ಒಂದೇ ಸುರುಳಿ ತಂತಿಗೆ ಪೋಣಿಸಿರುವುದೇ ಈ ಕ್ಯಾಲೆಂಡರಿನ ಮೂಲ ದೋಷ.

ಅದಕ್ಕೇ ನಾನು ಆ ತಂತಿ ಕಿತ್ತು ಹಾಕಿದೆ. ಈಗ ಹಾಳೆಗಳು ಗೋಡೆಯ ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಲ್ಲಿ ನೇತಾಡುತ್ತವೆ. ಮೇ ಕೊನೆಗೆ ಪಂಚಾಂಗ ಇಟ್ಟುಕೊಂಡು ಮೊದಲು ಕೆಂಪು ಕ್ಲಿಪ್ಪಿನ ಹಬ್ಬದ ಹಾಳೆ ಹಾಕುತ್ತೇನೆ. ಹಬ್ಬದ ದಿನ ಶಾಲೆಗೆ ರಜೆ ಇರಲಿ ಬಿಡಲಿ, ಚಟುವಟಿಕೆ ಅದಕ್ಕೆ ಮುಂಚಿನ ದಿನಗಳಲ್ಲಿ. ಹಸಿರು ಕ್ಲಿಪ್ಪಿನ ಬೇಸಾಯದ ಹಾಳೆಗಳು ಪೆಟ್ಟಿಗೆಯಲ್ಲೇ ಕಾಯುತ್ತವೆ. ಮೂರು ನಾಲ್ಕು ಮಕ್ಕಳು "ನಮ್ ಹೊಲ ಬಿತ್ತಿದ್ರು" ಅಂದ ಮೇಲೆ ಅದನ್ನು ಹೊರಗೆ ತೆಗೆಯುವುದು. ಬಣ್ಣ, ವಾಹನ, ನಮ್ಮ ದೇಹ ಇಂಥವಕ್ಕೆ ಕ್ಲಿಪ್ಪಿನ ಬಣ್ಣವಿಲ್ಲ, ಸಂದಿ ಸಿಕ್ಕಲ್ಲಿ ತುಂಬಿಕೊಳ್ಳುತ್ತವೆ. ಹೀಗೆ ಮಾಡಿದ ಮೇಲೆ ಇದು ನಿಜಕ್ಕೂ ಉಪಯೋಗಕ್ಕೆ ಬಂತು.

ಕಾರಹುಣ್ಣಿಮೆ ಮತ್ತು ಮಣ್ಣೆತ್ತನ್ನು ಅವರು ಒಂದೇ ವಾರಕ್ಕೆ ತುರುಕಿದ್ದಾರೆ, ನಾನು ಬಿಡಿಸಿಕೊಂಡಿದ್ದೇನೆ. ಎರಡರ ನಡುವೆ ಹೇಗೂ ಹದಿನೈದು ದಿನ ಇದೆ. ಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿದ ನಿಜವಾದ ಎತ್ತು ನೋಡಿಕೊಂಡು ಬರುವುದು, ಅಮಾವಾಸ್ಯೆಗೆ ನೆನಪಿನಿಂದ ಮಾಡುವುದು. ನೋಡಿ ಬಂದವರ ಎತ್ತಿಗೆ ಇಣಿ ಇರುತ್ತದೆ, ನೋಡದವರದು ನಾಯಿಯ ಹಾಗಿರುತ್ತದೆ. ಅಂಗಡಿ ಜೇಡಿ ತನ್ನಿ ಅಂತ ಹಾಳೆಯಲ್ಲಿ ಬರೆದಿದೆ, ಬೇಕಿಲ್ಲ. ಆದರೆ ಬರೀ ಎರೆಮಣ್ಣು ತರಬೇಡಿ. ಒಣಗುವಾಗ ಅದು ತುಂಬಾ ಕುಗ್ಗುತ್ತದೆ, ಮರುದಿನ ಬೆಳಿಗ್ಗೆ ನೋಡಿದರೆ ಕಾಲು ಬುಡದಲ್ಲೇ ಬಿರುಕು. ಕೆರೆ ಮಣ್ಣು ಮೂರು ಬೋಗುಣಿಗೆ ಸಣ್ಣ ಮರಳು ಒಂದು ಬೋಗುಣಿ ಬೆರೆಸಿ, ಮಾಡಿದ ಮೇಲೆ ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ ಎರಡು ದಿನ ಇಟ್ಟರೆ ನಿಲ್ಲುತ್ತದೆ. ಕಾಲು ಗಿಡ್ಡ, ದಪ್ಪ ಇರಲಿ. ಒಬ್ಬಳು, "ನಮ್ಮನೇಲಿ ಎತ್ತಿಲ್ಲ ಮಿಸ್, ಟ್ರ್ಯಾಕ್ಟರ್ ಮಾಡ್ಲಾ?" ಅಂದಳು. ಮಾಡು ಅಂದೆ. ಅದಕ್ಕೂ ಕುಂಕುಮ ಹಚ್ಚಿದಳು.

ಬಿತ್ತನೆ ಹಾಳೆಯ ಬಗ್ಗೆ ಮಾತ್ರ ಇದನ್ನು ಕೊಳ್ಳುವ ಪ್ರತಿಯೊಬ್ಬ ಟೀಚರಿಗೂ ಹೇಳಬೇಕು. 'ಮನೆಯಿಂದ ಒಂದು ಹಿಡಿ ಬಿತ್ತನೆ ಬೀಜ ತರಲು ಮಕ್ಕಳಿಗೆ ಹೇಳಿ' ಅಂತಿದೆ. ನಾನು ಹೇಳಿದೆ. ಮರುದಿನ ಒಂದು ಮಗು ಚಡ್ಡಿ ಜೇಬಿನಿಂದ ಗುಲಾಬಿ ಬಣ್ಣದ ಮೆಕ್ಕೆಜೋಳ ತೆಗೆದು ಟೇಬಲ್ ಮೇಲೆ ಸುರಿಯಿತು. ಬೆರಳೆಲ್ಲ ಗುಲಾಬಿ. ಪೆಪ್ಪರಮೆಂಟಿನ ಹಾಗೆ ಕಾಣುತ್ತಿತ್ತು, ಪಕ್ಕದವನು ಆಗಲೇ ಒಂದನ್ನು ಹಿಡಿದಿದ್ದ. ಬಿಡಲು ಬಂದಿದ್ದ ಅಜ್ಜಿ ಬಾಗಿಲಿಂದಲೇ ಕೂಗಿದರು: "ಅಯ್ಯೋ, ಅದು ಔಷಧಿ ಹಚ್ಚಿದ್ ಬೀಜ ಕಣವ್ವಾ, ಮುಟ್ಟಿಸ್ಬ್ಯಾಡ!" ಪ್ಯಾಕೆಟ್ಟಿನಲ್ಲಿ ಬರುವ ಮೆಕ್ಕೆಜೋಳಕ್ಕೆ ಸಾಮಾನ್ಯವಾಗಿ ಹುಳಕ್ಕೋ ಬೂಷ್ಟಿಗೋ ವಿಷ ಲೇಪಿಸಿರುತ್ತಾರೆ, ತಿನ್ನುವ ಕಾಳಲ್ಲ ಅಂತ ಗೊತ್ತಾಗಲಿ ಅಂತಲೇ ಆ ಬಣ್ಣ. ಎಲ್ಲರ ಕೈ ಸೋಪಿನಲ್ಲಿ ತೊಳೆಸಿ, ಆ ಮಗುವಿನ ಚಡ್ಡಿ ಬದಲಿಸಿ, ಬೀಜವನ್ನು ಕವರಿಗೆ ಹಾಕಿ ಮನೆಯವರಿಗೇ ಕೊಟ್ಟೆ. ಯಾರ ಬಾಯಿಗೂ ಹೋಗಿರಲಿಲ್ಲ. ಈಗ ಬೀಜ ನಾನೇ ತರುತ್ತೇನೆ: ಅಡುಗೆಮನೆಯ ಹೆಸರುಕಾಳು. ರಾತ್ರಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಮರುದಿನವೇ ಮೊಳಕೆ ಕಾಣುತ್ತದೆ, ಮೂರು ವರ್ಷದ ಮಗುವಿನ ತಾಳ್ಮೆಗೂ ಅದೇ ಸರಿ. ಪ್ರಕಾಶಕರಿಗೆ ಫೋನ್ ಮಾಡಿ ಹೇಳಿದೆ. "ಮುಂದಿನ ಮುದ್ರಣದಲ್ಲಿ ನೋಡ್ತೀವಿ" ಅಂದರು. ಈ ವರ್ಷದ್ದರಲ್ಲೂ ಆ ಸಾಲು ಹಾಗೇ ಇದೆ. ಎರಡು ಸ್ಟಾರ್ ಕಳೆದಿದ್ದರಲ್ಲಿ ಒಂದು ಇದಕ್ಕೇ.

ಭತ್ತದ ನಾಟಿಯನ್ನು ಜೂನ್‌ಗೆ ಹಾಕಿದ್ದಾರೆ. ಬೇರೆ ಕಡೆಯವರು ಯಾರೋ ಬರೆದಿರಬೇಕು. ನಮ್ಮಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ನಾಟಿ, ಆಗಸ್ಟ್ ಸುಮಾರಿಗೆ. ಬೇಸಿಗೆ ಬೆಳೆಗೂ ನೀರು ಸಿಕ್ಕ ವರ್ಷ ಜನವರಿ, ಫೆಬ್ರವರಿಯಲ್ಲಿ ಇನ್ನೊಮ್ಮೆ. ಹಾಗಾಗಿ ಆ ಹಾಳೆ ಎರಡು ಸಲ ಹಗ್ಗಕ್ಕೇರುತ್ತದೆ. ಸಂಕ್ರಾಂತಿಗೆ 'ಸುಗ್ಗಿ' ಅಂತ ಇದೆ, ಅಷ್ಟೊತ್ತಿಗೆ ನಮ್ಮ ಮೆಕ್ಕೆಜೋಳ ಮಾರಿ ದುಡ್ಡೂ ಖರ್ಚಾಗಿರುತ್ತದೆ. ಒಕ್ಕಣೆಯ ಹಾಳೆಯನ್ನು ದೀಪಾವಳಿ ಆದಮೇಲೆ, ರಸ್ತೆ ಮೇಲೆ ಕಾಳು ಒಣಹಾಕುವ ದಿನಗಳಿಗೆ ತಂದಿದ್ದೇನೆ. ಸಂಕ್ರಾಂತಿಗೆ ಎಳ್ಳುಬೆಲ್ಲ, ಹಸಿ ಕಡಲೆ ಸಾಕು.

ಏಪ್ರಿಲ್, ಮೇ ಹಾಳೆಗಳು ನನಗೆ ದಂಡ, ಆಗ ರಜೆ. ಬೇಸಿಗೆಯಲ್ಲೂ ತೆರೆದಿರುವ ಅಂಗನವಾಡಿಯ ಅಕ್ಕನಿಗೆ ಅವನ್ನು ಕೊಟ್ಟುಬಿಟ್ಟೆ, ಮಾವಿನ ವಾರ ಅವರಿಗೆ ಚೆನ್ನಾಗಿ ಆಯಿತಂತೆ.

ಹೊಸದಾಗಿ ಕೊಳ್ಳುವವರು 2026ರದ್ದೇ ಬೇಕು ಅಂತ ಕಾಯಬೇಡಿ. ಹಳೆಯದು ಕಡಿಮೆಗೆ ಸಿಕ್ಕರೆ ತಗೊಳ್ಳಿ, ಹಾಳೆಗಳು ಅವೇ. ಜೊತೆಗೆ ಒಂದು ಪಂಚಾಂಗ, ಎರಡು ಡಜನ್ ಕ್ಲಿಪ್ಪು.